ಮತ್ತೊಮ್ಮೆ ತೊಳೆದ ತಾಟು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ. ನಾನು ಅಲ್ಲಗಳೆದಿಲ್ಲ. ಆದರೂ ಆರು ವಾಕ್ಯಗಳ ಒಂದು ಪ್ಯಾರಾಕ್ಕಾಗಿ ಎರಡು ಶನಿವಾರ ಟೆಕ್ಸಸ್ಸಿನ ಹೆದ್ದಾರಿಗಳಲ್ಲಿ ಒಬ್ಬಳೇ ಬೈದುಕೊಳ್ಳುತ್ತಾ ಕಾರು ಓಡಿಸಿದ್ದು ನನ್ನ ಮಟ್ಟಿಗೂ ಹೊಸದು.

ಇಲ್ಲಿನ ಕನ್ನಡದವರು ಕೆಲವರು ಸೇರಿ ಒಂದು ಪುಸ್ತಕ ಮಾಡುತ್ತಿದ್ದೆವು. ಹಿರಿಯರು ತಮ್ಮ ಬದುಕಿನ ಒಂದೊಂದು ನೆನಪನ್ನು ಒಂದೊಂದು ಪುಟದಲ್ಲಿ ಬರೆಯುವುದು. ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್. ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳು ಮೊಮ್ಮಕ್ಕಳು ಬಲಗಡೆಯ ಪುಟವನ್ನಾದರೂ ಓದಲಿ ಎಂಬ ಆಸೆ. ಮೊದಲು ಯಾರಾದರೂ ಒರಟಾಗಿ ಇಂಗ್ಲಿಷಿಗೆ ತರುತ್ತಿದ್ದರು. ಅದು ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿರುವ ನನಗೆ ಬರುತ್ತಿತ್ತು. ನಾನು ತಿದ್ದಿ ನಯ ಮಾಡಿ ಹ್ಯೂಸ್ಟನ್ನಿನ ಸಂಪಾದಕರಿಗೆ ಕಳಿಸುತ್ತಿದ್ದೆ. ಅವರು ರಿಟೈರ್ ಆದ ಹೃದಯದ ಡಾಕ್ಟರು, ಮೈಸೂರಿನವರು, ನಮಗೆಲ್ಲ ಅಂಕಲ್. ಅವರು ನೋಡಿದ ಮೇಲೆ ಬರೆದವರ ಒಪ್ಪಿಗೆ ಪಡೆದು ಅಚ್ಚಿಗೆ ಕೊಡುವುದು ಎಂದು ಮಾತಾಗಿತ್ತು. ಈ ಕೊನೆಯ ಹೆಜ್ಜೆಯನ್ನು ನಾವು ಎಷ್ಟು ಹಗುರವಾಗಿ ತೆಗೆದುಕೊಂಡಿದ್ದೆವು ಎಂಬುದು ಆಮೇಲೆ ಗೊತ್ತಾಯಿತು.

ನನ್ನ ಹೊಟ್ಟೆಪಾಡೂ ಬರವಣಿಗೆಯೇ. ಆಸ್ಟಿನ್ನಿನ ಒಂದು ಕಂಪನಿಯಲ್ಲಿ ಯಂತ್ರಗಳ ಕೈಪಿಡಿ ಬರೆಯುತ್ತೇನೆ. ಈ ಗುಂಡಿ ಒತ್ತಿ, ಆ ದೀಪ ಹತ್ತುತ್ತದೆ, ಹತ್ತದಿದ್ದರೆ ಕಾರಣ ಇದು. ಓದುವವರು ಎಲ್ಲಿಯೂ ತಡವರಿಸಬಾರದು. ಇಪ್ಪತ್ತು ವರ್ಷ ಅದನ್ನೇ ಮಾಡಿದ್ದೇನೆ, ಚೆನ್ನಾಗಿಯೇ ಮಾಡಿದ್ದೇನೆ ಎಂಬ ಜಂಬವೂ ಇತ್ತು.

ಡಲ್ಲಾಸ್ ಪಕ್ಕದ ಲಾಸ್ ಕೊಲಿನಾಸ್‌ನಲ್ಲಿ ಮಗಳ ಮನೆಯಲ್ಲಿರುವ ಹುಬ್ಬಳ್ಳಿಯ ಆಂಟಿಯೊಬ್ಬರ ಪುಟ ನನಗೆ ಬಂತು. ಹಿಂದಿನ ವರ್ಷ ಅವರ ಗಂಡ ತೀರಿಕೊಂಡಿದ್ದರು. ಪುಟದಲ್ಲಿ ಮಿಕ್ಕಿದ್ದೆಲ್ಲ ಹುಬ್ಬಳ್ಳಿಯ ಅಂಗಡಿ, ಓಣಿ, ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಈ ದೇಶಕ್ಕೆ ಬಂದದ್ದು, ಅವರ ಓದು. ಕೊನೆಯ ಪ್ಯಾರಾ ಮಾತ್ರ ಹೀಗಿತ್ತು:

‘ಮದುವಿ ಆದಮ್ಯಾಲೆ ನಲವತ್ತೊಂದು ವರ್ಷ ಅವರು ಉಂಡ ತಾಟು ಅವರು ಎತ್ತಲಿಲ್ಲ. ಎತ್ತರಿ ಅಂತ ನಾನೂ ಅನ್ನಲಿಲ್ಲ. ದವಾಖಾನಿಯಿಂದ ಬಂದ ದಿನ ಉಂಡು ಎದ್ದವರು ತಾಟು ಒಯ್ದು ತೊಳೆದಿಟ್ಟರು. ಇವರಿನ್ನ ಉಳಿಯೂದಿಲ್ಲ ಅಂತ ನನಗ ಆವಾಗ ತಿಳೀತು. ಡಾಕ್ಟರ್ ಹೇಳಿದ್ದಕ್ಕಲ್ಲ. ನಾನು ಆ ತಾಟು ಮತ್ತೊಮ್ಮೆ ತೊಳೆದೆ.’

ಇಷ್ಟು ಬರೆಯಲು ನನಗೆ ಒಂದು ಜನ್ಮ ಸಾಲದು ಅನ್ನಿಸಿತು.

ಒರಟು ಇಂಗ್ಲಿಷ್ ಮಾಡಿದ್ದು ಆಂಟಿಯ ಮಗಳು. ಆಕೆ ಇಲ್ಲಿಯೇ ಬೆಳೆದವಳು, ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಫೋನಿನ ಅನುವಾದದ ಯಂತ್ರಕ್ಕೆ ಪುಟವನ್ನು ತೋರಿಸಿ, ಬಂದಿದ್ದನ್ನು ಕಳಿಸಿದ್ದಳು. ಯಂತ್ರದ ಪ್ರಕಾರ ಆ ಮನುಷ್ಯರು ತಾಟನ್ನೇ ತಿಂದಿದ್ದರು. ನಕ್ಕೆ, ಆಮೇಲೆ ತಿದ್ದಲು ಕುಳಿತೆ. ‘ನಲವತ್ತೊಂದು ವರ್ಷದ ದಾಂಪತ್ಯದಲ್ಲಿ’ ಎಂದು ಶುರು ಮಾಡಿದೆ, ತೆಗೆದೆ. ದಾಂಪತ್ಯ ಎಂದರೆ ವಾರ್ಷಿಕೋತ್ಸವದ ಕಾರ್ಡಿನ ಹಾಗಾಗುತ್ತಿತ್ತು. ‘ನಾನೂ ಅನ್ನಲಿಲ್ಲ’ ಎಂಬುದರ ‘ಊ’ ಉಳಿಯಬೇಕು. ಅದು ಹೋದರೆ ತಪ್ಪೆಲ್ಲ ಗಂಡನ ಮೇಲೆ ಬೀಳುತ್ತದೆ, ಆಂಟಿ ಹಾಗೆ ಬರೆದಿಲ್ಲ. ಉಂಡ, ಎದ್ದ, ಒಯ್ದ, ತೊಳೆದ ಎಂಬ ನಾಲ್ಕೂ ಕ್ರಿಯೆಗಳು ಅದೇ ಸಾಲಿನಲ್ಲಿ ಬರಬೇಕು, ಅವರು ಮೇಜಿನಿಂದ ಸಿಂಕಿನವರೆಗೆ ನಡೆದುಹೋದದ್ದು ಕಾಣಬೇಕು. ಅದೆಲ್ಲ ಆಯಿತು. ಕೊನೆಯ ವಾಕ್ಯಕ್ಕೆ ಬಂದಾಗ ನನ್ನೊಳಗಿನ ಕೈಪಿಡಿಯವಳು ಎದ್ದು ಕುಳಿತಳು. ತೊಳೆದ ತಾಟನ್ನು ಮತ್ತೆ ಯಾಕೆ ತೊಳೆದರು? ಓದುವವರು ಇಲ್ಲಿ ತಡವರಿಸುತ್ತಾರೆ. ನಾನು ‘ರೂಢಿಯಿಂದ’ ಎಂಬ ಅರ್ಥ ಬರುವ ಮೂರು ಪುಟ್ಟ ಇಂಗ್ಲಿಷ್ ಪದ ಸೇರಿಸಿದೆ. ವಾಕ್ಯ ನುಣ್ಣಗಾಯಿತು. ಹ್ಯೂಸ್ಟನ್ನಿಗೆ ಕಳಿಸಿ, ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡು ಕಾಫಿ ಕುಡಿದೆ.

ಎರಡು ವಾರಕ್ಕೆ ಸಂಪಾದಕರು ಅಂತಿಮ ಪ್ರತಿಯನ್ನು ಎಲ್ಲರಿಗೂ ಕಳಿಸಿದರು. ಆಂಟಿಯ ಪ್ಯಾರಾ ನೋಡಿ ನನ್ನ ಮೈ ಉರಿದುಹೋಯಿತು. ಅಲ್ಲಿದ್ದ ಇಂಗ್ಲಿಷನ್ನು ಕನ್ನಡದಲ್ಲಿ ಹೇಳಿದರೆ ಇಷ್ಟು: ‘ತಮ್ಮ ಕೊನೆಯ ದಿನಗಳಲ್ಲಿ ನನ್ನ ಪ್ರೀತಿಯ ಪತಿ ಪಾತ್ರೆ ತೊಳೆಯಲು ಕೂಡ ನೆರವಾಗತೊಡಗಿದರು. ಆ ಪುಟ್ಟ ನಡೆ ನನ್ನ ಹೃದಯವನ್ನು ತಟ್ಟಿತು.’ ಮುಗಿಯಿತು. ನಲವತ್ತೊಂದು ವರ್ಷ ಇಲ್ಲ. ಡಾಕ್ಟರ್ ಇಲ್ಲ. ಮತ್ತೊಮ್ಮೆ ತೊಳೆದದ್ದು ಇಲ್ಲವೇ ಇಲ್ಲ.

ತಕ್ಷಣ ಫೋನ್ ಮಾಡಿದೆ.

“ಅಂಕಲ್, ಇದೇನು ಮಾಡಿಬಿಟ್ರಿ?”

“ಏನಮ್ಮಾ? ಸ್ಮೂತ್ ಆಗಿದೆಯಲ್ಲ ಈಗ. ಇಂಗ್ಲಿಷ್ ಅಂದ್ರೆ ಹಾಗಿರ್ಬೇಕು.”

“ಸ್ಮೂತ್ ಆಗೋಕೆ ಅದೇನು ರಸ್ತೇನಾ ಅಂಕಲ್? ಆಕೆ ಬರೆದಿದ್ದೊಂದು, ನೀವು ಹಾಕಿರೋದೇ ಒಂದು.”

“ನೋಡು, ಮೊಮ್ಮಕ್ಕಳು ಓದ್ತಾರೆ. ಅವರ ಅಜ್ಜ ಒಂದು ತಟ್ಟೆ ಎತ್ತಿಡ್ತಿರಲಿಲ್ಲ ಅಂತ ಅಚ್ಚು ಹಾಕಿಸ್ಬೇಕಾ? ಇಲ್ಲಿನ ಜನ ನಮ್ಮ ಗಂಡಸರ ಬಗ್ಗೆ ಏನಂದ್ಕೋತಾರೆ?”

“ನಮ್ಮ ಗಂಡಸರ ವಕಾಲತ್ತು ವಹಿಸೋಕೆ ಅಲ್ಲ ಅಂಕಲ್ ನಾವು ಪುಸ್ತಕ ಮಾಡ್ತಿರೋದು.”

“ಒಪ್ಪಿಗೆ ಬಂದಾಗಿದೆಯಮ್ಮಾ. ಅವರ ಮಗಳೇ ಇಮೇಲ್ ಮಾಡಿದಾಳೆ, ಇದೇ ಚೆನ್ನಾಗಿದೆ ಅಂತ” ಎಂದರು.

ನಮ್ಮ ಕೊನೆಯ ಹೆಜ್ಜೆಯ ಬಂಡವಾಳ ಅದು. ಬರೆದವರ ಒಪ್ಪಿಗೆ ಎಂದರೆ ಇಮೇಲ್ ನೋಡುವವರ ಒಪ್ಪಿಗೆ. ಆಸ್ಪತ್ರೆ, ಬ್ಯಾಂಕು, ಇನ್ಶೂರೆನ್ಸು ಎಲ್ಲ ಕಡೆ ಹಿರಿಯರ ಪರವಾಗಿ ಮಕ್ಕಳು ಸಹಿ ಹಾಕುವುದು ನಮಗೆ ಅಭ್ಯಾಸವಾಗಿಹೋಗಿದೆ. ಅವರ ನೆನಪಿಗೂ ಮಕ್ಕಳಿಂದಲೇ ಸಹಿ ಹಾಕಿಸಿದ್ದೆವು. ಬರೆದ ಹೆಂಗಸಿಗೆ, ನಿಮ್ಮ ಹೆಸರಿನ ಕೆಳಗೆ ಇಂಗ್ಲಿಷಿನಲ್ಲಿ ಏನಿದೆ ಎಂದು ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಆ ಶನಿವಾರವೇ ಹೊರಟೆ. ವೇಕೋ ಹತ್ತಿರ ಎಂದಿನಂತೆ ರಸ್ತೆ ಅಗೆದಿದ್ದರು, ಮುಂದಿನ ಟ್ರಕ್ಕಿನವನಿಗೂ ನನ್ನಿಂದ ಒಂದಷ್ಟು ಬೈಗುಳ ಸಿಕ್ಕಿತು. ಹನ್ನೊಂದಕ್ಕೆ ಲಾಸ್ ಕೊಲಿನಾಸ್ ತಲುಪಿದೆ. ಆಂಟಿ ಅಡುಗೆಮನೆಯ ಮೇಜಿನ ಹತ್ತಿರ ಮೆಂತೆ ಸೊಪ್ಪು ಬಿಡಿಸುತ್ತಿದ್ದರು. ಸಣ್ಣ ಆಳು, ದೊಡ್ಡ ಕನ್ನಡಕ.

“ಬರ್ರಿ ಬರ್ರಿ. ಅಷ್ಟು ದೂರದಿಂದ ಒಂದ್ ಹಾಳಿ ಸಲುವಾಗಿ ಬಂದ್ರ್ಯಾ?”

ಮಗಳೂ ಇದ್ದಳು. ದೊಡ್ಡ ಕಂಪನಿಯೊಂದರಲ್ಲಿ ಮೇಲಿನ ಹುದ್ದೆಯವಳು, ಶನಿವಾರವೂ ಲ್ಯಾಪ್‌ಟಾಪ್ ಮುಚ್ಚಿರಲಿಲ್ಲ. ನನ್ನನ್ನು ಕಂಡು ನಕ್ಕಳು, ಆ ನಗು ಕಣ್ಣಿನವರೆಗೆ ಬರಲಿಲ್ಲ.

ಅನುವಾದ ಸರಿಯಾಗಿದೆಯೇ ಎಂದು ನೋಡಲು ಒಂದು ಹಳೆಯ ದಾರಿಯಿದೆ. ಇಂಗ್ಲಿಷಿನಲ್ಲಿ ಬಂದದ್ದನ್ನು ಮೂಲ ನೋಡದೆ ತಿರುಗಿ ಕನ್ನಡಕ್ಕೆ ತಂದು ಬರೆದವರಿಗೆ ಓದಿ ಹೇಳುವುದು. ಅವರ ಮುಖ ನೋಡಿದರೆ ಸಾಕು. ನಾನು ಸಂಪಾದಕರ ಪ್ಯಾರಾವನ್ನು ಹಾಗೆ ಕನ್ನಡದಲ್ಲಿ ಓದಿದೆ. ಪ್ರೀತಿಯ ಪತಿ. ಪಾತ್ರೆ ತೊಳೆಯಲು ಕೂಡ. ಪುಟ್ಟ ನಡೆ. ಹೃದಯ ತಟ್ಟಿತು.

ಆಂಟಿ ಸೊಪ್ಪಿನ ಕಟ್ಟು ಕೆಳಗಿಟ್ಟರು.

“ಇದು ಯಾರ ಮನಿಯವ್ರ ಬಗ್ಗೆ ಐತ್ರಿ?” ಎಂದರು.

ನನಗೆ ಆದ ಸಂತೋಷ ಹೇಳಲಾರೆ. ಅಂಕಲ್ ಸಿಕ್ಕಿಬಿದ್ದರು! “ನಿಮ್ಮದೇ ಆಂಟಿ, ಇದು ಹ್ಯೂಸ್ಟನ್ನಿನವರು ಮಾಡಿದ್ದು. ನಾನು ಮಾಡಿದ್ದು ಬೇರೆ ಇದೆ, ಕೇಳಿ” ಎಂದು ಗೆದ್ದ ದನಿಯಲ್ಲಿ ನನ್ನದನ್ನು ಓದತೊಡಗಿದೆ. ತಾಟು ಎತ್ತಲಿಲ್ಲ ಎಂಬಲ್ಲಿ ತಲೆಯಾಡಿಸಿದರು. ನಾನೂ ಅನ್ನಲಿಲ್ಲ ಎಂಬಲ್ಲಿಯೂ ಆಡಿಸಿದರು. ಕೊನೆಗೆ ಓದಿದೆ: “ರೂಢಿಯಿಂದ ನಾನು ಆ ತಾಟನ್ನು ಮತ್ತೊಮ್ಮೆ ತೊಳೆದೆ.”

“ರೂಢಿ ಅಂತ ನಾ ಎಲ್ಲೆ ಬರದೀನ್ರಿ?”

“ಬರೆದಿಲ್ಲ ಆಂಟಿ. ಓದೋರಿಗೆ ಅರ್ಥ ಆಗ್ಲಿ ಅಂತ…”

“ನಿಮಗ ಅರ್ಥ ಆಗೇತೇನು?”

ಮೂರು ಗಂಟೆ ದಾರಿಯುದ್ದಕ್ಕೂ ಯಾರನ್ನು ಬೈದುಕೊಂಡು ಬಂದಿದ್ದೆನೋ ಅವರ ಪಕ್ಕದಲ್ಲಿಯೇ ನಾನೂ ನಿಂತಿದ್ದೆ. ಅವರು ವಾಕ್ಯಗಳನ್ನು ಕಿತ್ತಿದ್ದರು, ನಾನು ಸೇರಿಸಿದ್ದೆ. ಅವರು ಗಂಡಸರ ಮಾನ ಕಾಯಲು ಕಿತ್ತರು, ನಾನು ನನ್ನ ಜಾಣತನ ಮೆರೆಯಲು ಸೇರಿಸಿದೆ. ಅವರದು ಎದ್ದು ಕಾಣುವ ಕೆಲಸ, ನನ್ನದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನನ್ನ ಮೇಲೇ ನನಗೆ ಬಂದ ಸಿಟ್ಟಿಗೆ ಕಿವಿ ಬಿಸಿಯಾಯಿತು.

ಆಗ ಮಗಳು ಲ್ಯಾಪ್‌ಟಾಪ್ ಮುಚ್ಚಿದಳು. ಇಂಗ್ಲಿಷಿನಲ್ಲಿ, ತುಂಬಾ ಮೆಲ್ಲಗೆ, ಆ ಕೊನೆಯ ವಾಕ್ಯ ತೆಗೆಯಿರಿ ಎಂದು ಸಂಪಾದಕರಿಗೆ ಹೇಳಿದ್ದು ತಾನೇ ಎಂದಳು. ಅವರು ಅದರ ಜೊತೆ ಉಳಿದದ್ದನ್ನೂ ತಿದ್ದಿದ್ದರು. ಅದಕ್ಕೂ ತಾನು ಒಪ್ಪಿದೆ ಎಂದಳು.

“ಯಾಕ?” ಎಂದರು ತಾಯಿ.

ಮಗಳ ದನಿ ಏರಿತು. ಆ ದಿನ ತಾನು ಇದೇ ಅಡುಗೆಮನೆಯಲ್ಲಿ ನಿಂತಿದ್ದೆ. ಅಪ್ಪನಿಗೆ ಸರಿಯಾಗಿ ನಿಲ್ಲಲೂ ಆಗುತ್ತಿರಲಿಲ್ಲ. ಜೀವನದಲ್ಲಿ ಮೊದಲ ಸಲ ತಾಟು ತೊಳೆದು ಇಟ್ಟರು. ಅವರು ಅಲ್ಲಿಯೇ ಇರುವಾಗ, ಅವರ ಕಣ್ಣೆದುರಿಗೆ, ನೀನು ಅದನ್ನು ತೆಗೆದು ಮತ್ತೆ ತೊಳೆದೆ. ಸ್ವಚ್ಛವಾಗಿಲ್ಲ ಅನ್ನುವ ಹಾಗೆ. ಸಾಯುವ ಮನುಷ್ಯನಿಗೆ ಅಷ್ಟೂ ಬಿಟ್ಟುಕೊಡಲಿಲ್ಲ ನೀನು. ಅದನ್ನು ಪುಸ್ತಕದಲ್ಲಿ ಬೇರೆ ಹಾಕಬೇಕೆ? ಇಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಒಂದು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತು ಎಂಬುದು ಗೊತ್ತಾಗುತ್ತಿತ್ತು.

ನನಗೆ ಎದ್ದು ಹೋಗಬೇಕು ಅನ್ನಿಸಿತು. ಆಂಟಿ ನನ್ನ ಮುಂಗೈ ಹಿಡಿದು ಕೂರಿಸಿದರು.

“ಹೊಲಸ ಇತ್ತಂತ ತೊಳದಿಲ್ಲವ್ವಾ,” ಎಂದರು ಮಗಳಿಗೆ. “ಸಿಟ್ಟಿಲೆ ತೊಳದೆ. ನಲವತ್ತೊಂದ್ ವರ್ಷ ಮಾಡದ್ದನ್ನ ಅವತ್ತ ಯಾಕ ಮಾಡಬೇಕಿತ್ತವರು? ನಾ ಹೊಂಟೆ, ಇನ್ನ ನೀ ನನ್ನ ತಾಟು ಎತ್ತೂದು ಬ್ಯಾಡ ಅಂತ ಹೇಳಿದಂಗ ಆತು ನನಗ. ನನ್ನ ಕೇಳದ ಹೆಂಗ ಹೋಗ್ತಾರ? ಅದಕ್ಕ ತಗೊಂಡು ತೊಳದೆ. ನಿಮ್ಮ ತಾಟು ಇನ್ನೂ ನನ್ನ ಕೈಯಾಗೇ ಐತಿ, ತಿಳೀತಿಲ್ಲೋ, ಅಂತ. ಅವರಿಗೆ ತಿಳೀತು. ನಿನಗ ತಿಳೀಲಿಲ್ಲ ಅಂತ ನನಗೂ ಗೊತ್ತಿತ್ತು. ಅದಕ್ಕ ಬರದೆ.”

ಮಗಳು ಅತ್ತಳು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಆಂಟಿ ಮಾತ್ರ ಸೊಪ್ಪು ಬಿಡಿಸಿದರು.

ಆಮೇಲೆ ನಾನು ಕಣ್ಣೊರೆಸಿಕೊಂಡು, ಹಾಗಾದರೆ ‘ಸಿಟ್ಟಿನಿಂದ’ ಎಂದು ಸೇರಿಸೋಣವೇ ಎಂದು ಕೇಳಿದೆ. ಇಷ್ಟಾದರೂ ಬುದ್ಧಿ ಬಂದಿರಲಿಲ್ಲ ನನಗೆ. “ಬಿಡಿಸಿ ಹೇಳೂದಿದ್ರ ಅವತ್ತ ಬಾಯಿಲೆ ಹೇಳತಿದ್ದೆ,” ಎಂದರು ಆಂಟಿ. “ನಾ ಬರದಷ್ಟ ಇರಲಿ.”

ಮೂವರೂ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕುಳಿತೆವು. ನಾನು ಒಂದೊಂದು ವಾಕ್ಯ ಹೇಳುವುದು, ಮಗಳು ಇಂಗ್ಲಿಷಿನ ಕಿವಿಯಿಂದ ಕೇಳುವುದು, ಮತ್ತೆ ಕನ್ನಡಕ್ಕೆ ತಿರುಗಿಸಿ ತಾಯಿಗೆ ಹೇಳುವುದು. ಡಾಕ್ಟರ ವಾಕ್ಯವೇ ಹೆಚ್ಚು ಸತಾಯಿಸಿತು. ‘ಯಾವ ಡಾಕ್ಟರೂ ಹೇಳಬೇಕಾಗಿರಲಿಲ್ಲ’ ಎಂಬರ್ಥದ ಇಂಗ್ಲಿಷ್ ನನಗೆ ಚೆನ್ನಾಗಿ ಕಂಡಿತ್ತು, ಸಹಜವಾಗಿ ಹರಿಯುತ್ತಿತ್ತು. ಆಂಟಿ ಬೇಡವೆಂದರು. ಡಾಕ್ಟರು ಹೇಳಿದ್ದು ನಿಜ, ತಾನು ಕೇಳಿದ್ದೂ ನಿಜ, ತಿಳಿದದ್ದು ಅದರಿಂದಲ್ಲ ಅಷ್ಟೆ. ಹಾಗೆ ಬರೆದರೆ ಡಾಕ್ಟರಿಗಿಂತ ತಾನೇ ಶಾಣ್ಯಾಕಿ ಎಂದು ಮೆರೆದ ಹಾಗೆ ಕೇಳುತ್ತದೆ ಎಂದರು. ಮಗಳು ಸ್ವಲ್ಪ ಯೋಚಿಸಿ, “ನಾಟ್ ಫ್ರಮ್ ದ ಡಾಕ್ಟರ್” ಎಂದಳು. ಹಿಂದಿನ ವಾಕ್ಯಕ್ಕೆ ಆತುಕೊಂಡ ನಾಲ್ಕೇ ಪದ. ಇಂಗ್ಲಿಷಿನವರು ಮನೆಯಲ್ಲಿ ಮಾತಾಡುವ ಹಾಗಿತ್ತು, ಆಂಟಿ ಬರೆದ ಹಾಗೂ ಇತ್ತು. ಕೊನೆಯ ವಾಕ್ಯದಿಂದ ನನ್ನ ಮೂರು ಪದಗಳನ್ನು ನಾನೇ ಅಡ್ಡಗೆರೆ ಎಳೆದು ತೆಗೆದೆ. ‘ಐ ವಾಶ್ಡ್ ದಟ್ ಪ್ಲೇಟ್ ಅಗೇನ್.’ ಅದರ ಮುಂದೆ ‘ಆಮೇಲೆ’ ಎಂದು ಹಾಕಲು ಹೋದೆ, ಅದೂ ಬೇಡವೆಂದಳು ಮಗಳು. ಓದುವವರು ತಡವರಿಸಲಿ, ತಾನೂ ಒಂದು ವರ್ಷ ತಡವರಿಸಿದ್ದೇನೆ ಎಂದಳು.

ಅದನ್ನೇ ಹ್ಯೂಸ್ಟನ್ನಿಗೆ ಕಳಿಸಿದೆವು. ಅಲ್ಲಿಗೆ ಮುಗಿಯಬೇಕಿತ್ತು. ಹದಿನೈದು ದಿನದ ಮೇಲೆ ಅಚ್ಚಿನ ಕರಡು ಬಂದಾಗ ನೋಡುತ್ತೇನೆ, ಪ್ಯಾರಾ ನಾವು ಕೊಟ್ಟ ಹಾಗೆಯೇ ಇದೆ. ಆದರೆ ‘ಅಗೇನ್’ ಪಕ್ಕದಲ್ಲಿ ಒಂದು ಚುಕ್ಕಿ, ಪುಟದ ಬುಡದಲ್ಲಿ ಚಿಕ್ಕ ಅಕ್ಷರದ ಟಿಪ್ಪಣಿ. ಹಿಂದೂ ಮನೆಗಳಲ್ಲಿ ಉಂಡ ತಟ್ಟೆಯನ್ನು ಮುಸುರೆ ಎಂದು ಭಾವಿಸುವುದರಿಂದ ಶುದ್ಧಿಗಾಗಿ ಎರಡು ಬಾರಿ ತೊಳೆಯುವ ಪದ್ಧತಿಯಿದೆಯಂತೆ! ಯಾವ ಮನೆಯಲ್ಲಿ? ಕಾಗದವನ್ನು ಮೇಜಿಗೆ ಬಡಿದೆ. ಮಗಳಿಗೆ ಫೋನ್ ಮಾಡಿದೆ. ಆಕೆ ಒಂದೇ ಮಾತು ಹೇಳಿದಳು, ಹ್ಯೂಸ್ಟನ್ನಿಗೆ ತಾನೂ ಬರುತ್ತೇನೆ ಎಂದು.

ಶನಿವಾರ ಮಧ್ಯಾಹ್ನ ಅಂಕಲ್ ಮನೆಯ ಊಟದ ಮೇಜಿನಲ್ಲಿ ಕುಳಿತಿದ್ದೆವು. ಅವರ ಹೆಂಡತಿ ಬಿಸಿಬೇಳೆಬಾತು ಬಡಿಸಿದ್ದರು. ಅವರದು ಮಾತು ಕಮ್ಮಿ. ನಾವು ವಾದಕ್ಕಿಳಿದಾಗ ಕರಡಿನ ಆ ಹಾಳೆ ತೆಗೆದುಕೊಂಡು ಕಿಟಕಿಯ ಹತ್ತಿರ ಓದುತ್ತಾ ನಿಂತರು.

“ಟಿಪ್ಪಣಿ ಇಲ್ಲದಿದ್ರೆ ಆಯಮ್ಮನಿಗೇ ಕೆಟ್ಟ ಹೆಸರು,” ಎಂದರು ಅಂಕಲ್. “ಗಂಡ ತೊಳೆದದ್ದನ್ನ ಮತ್ತೆ ತೊಳೆದಳು ಅಂತ. ನಾನು ಅವರ ಮರ್ಯಾದೆ ಉಳಿಸ್ತಿದೀನಿ.”

ನಾನು ಬಾಯಿ ತೆರೆಯುವ ಮೊದಲೇ ಮಗಳು ಮಾತಾಡಿದಳು. ಕನ್ನಡದಲ್ಲಿ. ಒಂದೊಂದು ಪದವನ್ನೂ ಹುಡುಕಿ ಹುಡುಕಿ ಇಟ್ಟಳು.

“ಅಂಕಲ್, ಆ ತಾಟು ನಾನು ನೋಡೀನಿ. ನೀವು ನೋಡಿಲ್ಲ. ನಾನೂ ತಪ್ಪು ತಿಳ್ಕೊಂಡಿದ್ದೆ. ಅವ್ವ ನನಗ ಬರದಾಳ, ನಿಮಗಲ್ಲ. ಅದನ್ನ ತೆಗೀರಿ.”

ಅಂಕಲ್ ಕೆಂಪಗಾದರು. ಜೇಬಿನಿಂದ ಪೆನ್ನು ತೆಗೆದರು, ಹೆಂಡತಿಯ ಕೈಯಿಂದ ಹಾಳೆ ಇಸಿದುಕೊಂಡು ಟಿಪ್ಪಣಿಯ ಮೇಲೆ ಗೆರೆ ಎಳೆದರು. ಚುಕ್ಕಿಯನ್ನೂ ಹೊಡೆದುಹಾಕಿದರು. ನನಗೆ ಇನ್ನೂ ನಾಲ್ಕು ಮಾತು ಅನ್ನಬೇಕಿತ್ತು, ತಯಾರಿ ಮಾಡಿಕೊಂಡೇ ಬಂದಿದ್ದೆ. ಅಷ್ಟರಲ್ಲಿ ಅಂಕಲ್, ಮುಖ ಎಲ್ಲಿಡುವುದೆಂದು ತಿಳಿಯದೆಯೋ, ನಮಗೆ ತೋರಿಸಲೆಂದೋ, ತಾವು ಉಂಡ ತಟ್ಟೆಯನ್ನು ಕೈಯಲ್ಲಿ ಎತ್ತಿಕೊಂಡು ಸಿಂಕಿನ ಕಡೆ ಹೊರಟರು.

ಕಿಟಕಿಯ ಹತ್ತಿರ ನಿಂತಿದ್ದ ಅವರ ಹೆಂಡತಿ ಓಡಿಬಂದು ತಟ್ಟೆಯ ಅಂಚು ಹಿಡಿದುಕೊಂಡರು.

“ಇಡಿ ಅದನ್ನ,” ಎಂದರು. ಅವರ ದನಿ ನಡುಗುತ್ತಿತ್ತು. “ಇಲ್ಲಿ ಕೊಡಿ ಅಂದೆ.”